ಸಿಡಿ4 ಎಷ್ಟಕ್ಕಿಳಿದರೆ ಯಾವ ಮಾತ್ರೆ? ಮುಂದುವರಿದ ಎಚ್‌ಐವಿಯಲ್ಲಿ ಮುಂಜಾಗ್ರತೆಯ ಔಷಧಗಳು

ಹೊಸೂರು, ಕೃಷ್ಣಗಿರಿ, ದೇನ್ಕಣಿಕೋಟೆ, ತಳಿ, ಬಾಗಲೂರು ಭಾಗದ ನಮ್ಮ ಸದಸ್ಯರಲ್ಲಿ ಕೆಲವರು ಚಿಕಿತ್ಸೆಗೆ ಬೆಂಗಳೂರಿಗೆ ಹೋಗುತ್ತಾರೆ, ಕೆಲವರು ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಿಗೇ ಹೋಗುತ್ತಾರೆ. ಎರಡೂ ಕಡೆ ಎಚ್‌ಐವಿ ಚಿಕಿತ್ಸೆಯ ನಿಯಮ ಒಂದೇ. ಅದನ್ನು ರೂಪಿಸುವುದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ. ಈ ಲೇಖನದಲ್ಲಿ ಆ ಚಿಕಿತ್ಸೆಯ ಒಂದು ಭಾಗವನ್ನು ಮಾತ್ರ ವಿವರಿಸಲಾಗಿದೆ: ರೋಗನಿರೋಧಕ ಶಕ್ತಿ ಕುಗ್ಗಿದಾಗ ಮೇಲೆರಗುವ ಸೋಂಕುಗಳು ಯಾವುವು, ಅವನ್ನು ತಡೆಯುವ ಮಾತ್ರೆಗಳನ್ನು ಯಾವ ಹಂತದಲ್ಲಿ ಆರಂಭಿಸುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂಬುದು.

ಎಲ್ಲರಿಗೂ ಎಆರ್‌ಟಿ ಕೊಡುವಾಗ ಸಿಡಿ4 ಯಾಕೆ ನೋಡಬೇಕು?

ನಮ್ಮ ರಕ್ತದಲ್ಲಿರುವ ಸಿಡಿ4 ಎಂಬ ಬಿಳಿ ರಕ್ತಕಣಗಳು ರೋಗನಿರೋಧಕ ವ್ಯವಸ್ಥೆಯ ಮೇಸ್ತ್ರಿಗಳಿದ್ದಂತೆ. ಯಾವ ರೋಗಾಣು ಒಳಗೆ ಬಂದಿದೆ, ಅದರ ಮೇಲೆ ಯಾರು ಹೋಗಬೇಕು ಎಂದು ಉಳಿದ ಕಣಗಳಿಗೆ ಹೇಳುವ ಕೆಲಸ ಅವುಗಳದ್ದು. ಎಚ್‌ಐವಿ ನಾಶ ಮಾಡುವುದು ಇವನ್ನೇ. ಆರೋಗ್ಯವಂತ ವಯಸ್ಕರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500ರವರೆಗೆ ಸಿಡಿ4 ಕಣಗಳಿರುತ್ತವೆ. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ಈ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. 200ಕ್ಕಿಂತ ಕೆಳಗೆ ಬಂದರೆ, ಅಥವಾ ಕಾಯಿಲೆಯ ಲಕ್ಷಣಗಳು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿರುವ ಮೂರನೇ ಇಲ್ಲವೇ ನಾಲ್ಕನೇ ಹಂತದಲ್ಲಿದ್ದರೆ, ಅದನ್ನು ಮುಂದುವರಿದ ಎಚ್‌ಐವಿ ಎನ್ನುತ್ತಾರೆ.

ಹಿಂದೆ ಸಿಡಿ4 ಇಂತಿಷ್ಟಕ್ಕೆ ಇಳಿಯುವವರೆಗೂ ಕಾದು ಆಮೇಲೆ ಎಆರ್‌ಟಿ ಕೊಡುತ್ತಿದ್ದರು. 2017ರಿಂದ ನಮ್ಮ ದೇಶದಲ್ಲಿ ಆ ಕಾಯುವಿಕೆ ಇಲ್ಲ. ಎಚ್‌ಐವಿ ಇದೆ ಎಂದು ಖಚಿತವಾದ ಎಲ್ಲರಿಗೂ ಎಆರ್‌ಟಿ ಸಿಗುತ್ತದೆ. ಇದರಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿದೆ: ಮಾತ್ರೆ ಹೇಗೂ ಕೊಡುತ್ತಾರಲ್ಲ, ಇನ್ನು ಸಿಡಿ4 ಪರೀಕ್ಷೆ ಯಾಕೆ ಎಂದು. ಎಆರ್‌ಟಿ ಶುರು ಮಾಡಲು ಆ ಸಂಖ್ಯೆ ಬೇಕಿಲ್ಲ, ನಿಜ. ಆದರೆ ಎಆರ್‌ಟಿ ಜೊತೆಗೆ ಬೇರೆ ಯಾವ ಔಷಧ ಬೇಕು, ಎಆರ್‌ಟಿಗೆ ಮೊದಲು ಯಾವ ಪರೀಕ್ಷೆ ಆಗಬೇಕು ಎಂಬುದನ್ನು ತೀರ್ಮಾನಿಸುವುದು ಅದೇ ಸಂಖ್ಯೆ. ಎಆರ್‌ಟಿ ವೈರಸ್ಸನ್ನು ಬೇಗ ಅಡಗಿಸುತ್ತದೆ. ಸಿಡಿ4 ಏರುವುದು ಮಾತ್ರ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಹಿಡಿಯುತ್ತದೆ. ಆ ನಡುವಿನ ಕಾಲದಲ್ಲಿ ಕಾಪಾಡುವುದು ಮುಂಜಾಗ್ರತೆಯ ಔಷಧಗಳೇ.

ಆಳು ನೋಡಲು ಚೆನ್ನಾಗಿದ್ದಾರೆ ಎಂಬುದನ್ನು ಇಲ್ಲಿ ನಂಬುವಂತಿಲ್ಲ. ಉಗಾಂಡ, ಜಿಂಬಾಬ್ವೆ, ಮಲಾವಿ ಮತ್ತು ಕೀನ್ಯಾ ದೇಶಗಳಲ್ಲಿ ಸಿಡಿ4 100ಕ್ಕಿಂತ ಕಡಿಮೆಯಿದ್ದ 1805 ಮಂದಿಯ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಲಕ್ಷಣಗಳೇ ಇರಲಿಲ್ಲ, ಇದ್ದರೂ ಸಣ್ಣಪುಟ್ಟವಾಗಿದ್ದವು. ಅದೇ ಅಧ್ಯಯನದಲ್ಲಿ, ಎಆರ್‌ಟಿ ಜೊತೆಗೆ ಹಲವು ಮುಂಜಾಗ್ರತೆಯ ಔಷಧಗಳನ್ನು ಒಟ್ಟಿಗೆ ಕೊಟ್ಟ ಗುಂಪಿನಲ್ಲಿ 24 ವಾರಗಳೊಳಗಿನ ಸಾವು ಶೇ. 12.2ರಿಂದ ಶೇ. 8.9ಕ್ಕೆ ಇಳಿಯಿತು.

ನಮ್ಮ ಸೀಮೆಯಲ್ಲಿ ಯಾವ ಸೋಂಕುಗಳು ಹೆಚ್ಚು?

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೋಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅದನ್ನು ಗುರುತಿಸಿದರು. ಮುಂದೆ ಡಾ. ಸುನೀತಿ ಅವರು ಕಟ್ಟಿದ ವೈಆರ್‌ಜಿ ಕೇರ್ ಸಂಸ್ಥೆಯ ವೈದ್ಯರು, ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಹೇಗೆ ಮುಂದುವರಿಯುತ್ತದೆ ಎಂದು 594 ರೋಗಿಗಳ ದಾಖಲೆ ನೋಡಿ 2003ರಲ್ಲಿ ವರದಿ ಮಾಡಿದರು. ಅದರಲ್ಲಿ ಶ್ವಾಸಕೋಶದ ಕ್ಷಯ ಶೇ. 49ರಷ್ಟು ಜನರಲ್ಲಿತ್ತು. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ ಶೇ. 6, ಕ್ರಿಪ್ಟೋಕಾಕಸ್ ಶಿಲೀಂಧ್ರದಿಂದ ಬರುವ ಮಿದುಳು ಪೊರೆಯ ಉರಿಯೂತ ಶೇ. 5, ಮಿದುಳಿನ ಟಾಕ್ಸೊಪ್ಲಾಸ್ಮಾ ಶೇ. 3ರಷ್ಟು ಜನರಲ್ಲಿ ಕಂಡುಬಂದವು. ಇಂದಿಗೂ ನಮ್ಮ ಭಾಗದಲ್ಲಿ ಮೊದಲು ನೆನೆಯಬೇಕಾದ ಹೆಸರುಗಳು ಈ ನಾಲ್ಕೇ.

ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಮಟ್ಟ ಯಾಕಿದೆ ಎಂಬುದಕ್ಕೆ ಕಾರಣ ಸರಳ. ಕ್ಷಯದ ಬ್ಯಾಕ್ಟೀರಿಯಾ ಬಲಿಷ್ಠ, ಗಟ್ಟಿಮುಟ್ಟಾದವರನ್ನೂ ಹಿಡಿಯುತ್ತದೆ. ಹಾಗಾಗಿ ಸಿಡಿ4 ಎಷ್ಟೇ ಇರಲಿ, ಎಚ್‌ಐವಿ ಇದ್ದವರಿಗೆ ಅದರ ಅಪಾಯ ಇದ್ದೇ ಇದೆ. ನ್ಯುಮೋಸಿಸ್ಟಿಸ್ ದುರ್ಬಲ ಜೀವಿ. ನಾವೆಲ್ಲರೂ ಅದನ್ನು ಉಸಿರಾಡುತ್ತಲೇ ಇರುತ್ತೇವೆ, ದೇಹ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಡಿ4 200ಕ್ಕಿಂತ ಕೆಳಗಿಳಿದಾಗ ಮಾತ್ರ ಅದು ತಲೆಯೆತ್ತುತ್ತದೆ. ಬೆಕ್ಕಿನ ಮಲ ಮತ್ತು ಸರಿಯಾಗಿ ಬೇಯದ ಮಾಂಸದಿಂದ ಬರುವ ಟಾಕ್ಸೊಪ್ಲಾಸ್ಮಾ ದೇಹದಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತಿದ್ದು, 100ಕ್ಕಿಂತ ಕೆಳಗಾದಾಗ ಎಚ್ಚರಗೊಳ್ಳುತ್ತದೆ. ಪಾರಿವಾಳದ ಹಿಕ್ಕೆ ಬೆರೆತ ಮಣ್ಣಿನಲ್ಲಿ ಹೆಚ್ಚಾಗಿ ಸಿಗುವ ಕ್ರಿಪ್ಟೋಕಾಕಸ್ ಕೂಡ ಮುಖ್ಯವಾಗಿ 100ಕ್ಕಿಂತ ಕೆಳಗಿನವರ ಕಾಯಿಲೆ. 50ಕ್ಕಿಂತಲೂ ಕೆಳಗಾದರೆ ಸೈಟೊಮೆಗಲೊ ವೈರಸ್ ಕಣ್ಣಿನ ಅಕ್ಷಿಪಟಲವನ್ನು ಹಾಳುಮಾಡಬಹುದು. ಅದಕ್ಕೆ ಮುಂಚಿತವಾಗಿ ಕೊಡುವ ಮಾತ್ರೆ ಇಲ್ಲ. ಕಣ್ಣಿನ ಪಾಪೆಯನ್ನು ಹಿಗ್ಗಿಸಿ ಪರೀಕ್ಷಿಸುವುದೊಂದೇ ದಾರಿ.

ಕೋಟ್ರೈಮೊಕ್ಸಜೋಲ್: ಒಂದೇ ಮಾತ್ರೆ, ಹಲವು ಕೆಲಸ

ಹಳೆಯವರಿಗೆ ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಎಂಬ ಹೆಸರಿನಿಂದ ಪರಿಚಯವಿರುವ ಸಲ್ಫಾ ಮಾತ್ರೆ ಇದೇ. ಮುಂಜಾಗ್ರತೆಗೆ ವಯಸ್ಕರು ದಿನಕ್ಕೆ ಒಂದು ಡಬಲ್ ಸ್ಟ್ರೆಂತ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದರಲ್ಲಿ 800 ಮಿಲಿಗ್ರಾಂ ಸಲ್ಫಾಮೆಥೊಕ್ಸಜೋಲ್, 160 ಮಿಲಿಗ್ರಾಂ ಟ್ರೈಮೆಥೊಪ್ರಿಮ್ ಇರುತ್ತವೆ. ಸರ್ಕಾರಿ ಕೇಂದ್ರಗಳಲ್ಲಿ ಇದು ಉಚಿತ.

ಅಮೆರಿಕದಲ್ಲಿ 1989ರ ಸೂಚಿಯಿಂದ ಇಂದಿನವರೆಗೂ ಇದಕ್ಕೆ ಇಟ್ಟಿರುವ ಮಟ್ಟ 200. ನಮ್ಮಲ್ಲಿ ಸಿಡಿ4 350ಕ್ಕಿಂತ ಕಡಿಮೆಯಿದ್ದರೆ ಅಥವಾ ಕಾಯಿಲೆ ಮೂರನೇ, ನಾಲ್ಕನೇ ಹಂತದಲ್ಲಿದ್ದರೆ ಶುರು ಮಾಡುತ್ತಾರೆ. ಇಂಟರ್‌ನೆಟ್‌ನಲ್ಲಿ 200 ಎಂದು ಓದಿ, ತಮ್ಮ ವೈದ್ಯರು 290ಕ್ಕೇ ಕೊಟ್ಟರಲ್ಲ ಎಂದು ಗೊಂದಲಪಡುವವರಿದ್ದಾರೆ. ಎರಡೂ ಸರಿಯೇ. ಅಲ್ಲಿ ಮುಖ್ಯವಾಗಿ ನ್ಯುಮೋಸಿಸ್ಟಿಸ್ ತಡೆಯಲು ಕೊಡುತ್ತಾರೆ. ನಮ್ಮಂಥ ದೇಶಗಳಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾದ ನ್ಯುಮೋನಿಯಾ, ಭೇದಿ ಮುಂತಾದವೂ ಹೆಚ್ಚು. ಅವು 200ರ ಮೇಲಿದ್ದಾಗಲೂ ಕಾಡುತ್ತವೆ, ಈ ಮಾತ್ರೆ ಅವುಗಳಲ್ಲಿ ಹಲವನ್ನು ತಡೆಯುತ್ತದೆ. 100ಕ್ಕಿಂತ ಕೆಳಗಿನವರಿಗೆ ಟಾಕ್ಸೊಪ್ಲಾಸ್ಮಾದ ರಕ್ಷಣೆಯೂ ಇದೇ ಮಾತ್ರೆಯಿಂದ ಸಿಗುವುದರಿಂದ ಬೇರೆ ಮಾತ್ರೆ ಬೇಕಾಗುವುದಿಲ್ಲ.

ತೊಂದರೆ ಬಂದರೆ ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಗೊತ್ತಾಗುತ್ತದೆ. ಸ್ವಲ್ಪ ತುರಿಕೆ, ಮೈಮೇಲೆ ಕೆಂಪು ಗುಳ್ಳೆ ಬಂದರೆ ಕೇಂದ್ರಕ್ಕೆ ತೋರಿಸಬೇಕು. ಹಲವು ಸಲ ಔಷಧಿಯನ್ನು ಮುಂದುವರಿಸಿಯೇ ಸರಿಪಡಿಸುತ್ತಾರೆ. ಜ್ವರದೊಂದಿಗೆ ಬಾಯಿ, ಕಣ್ಣು, ಗುಪ್ತಾಂಗಗಳಲ್ಲಿ ಹುಣ್ಣಾದರೆ, ಚರ್ಮ ಬೊಬ್ಬೆಯೆದ್ದು ಸುಲಿದರೆ ಅದು ತುರ್ತು ಸ್ಥಿತಿ. ಮಾತ್ರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅಂಥವರು ಮತ್ತೆಂದೂ ಸಲ್ಫಾ ಔಷಧ ತೆಗೆದುಕೊಳ್ಳುವಂತಿಲ್ಲ. ಸಲ್ಫಾ ಒಗ್ಗದವರಿಗೆ ಡ್ಯಾಪ್ಸೋನ್ 100 ಮಿಲಿಗ್ರಾಂ ಕೊಡುತ್ತಾರೆ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ರಕ್ತಕಣಗಳನ್ನು ಒಡೆಯಬಲ್ಲದು, ಆದ್ದರಿಂದ ಮೊದಲು ಆ ಪರೀಕ್ಷೆ ಮಾಡಿಸುತ್ತಾರೆ.

ಕ್ಷಯ: ಮೊದಲು ಹುಡುಕು, ಆಮೇಲೆ ತಡೆ

ಪ್ರತಿ ಭೇಟಿಯಲ್ಲೂ ನಾಲ್ಕು ಪ್ರಶ್ನೆ ಕೇಳುತ್ತಾರೆ: ಕೆಮ್ಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತೀರಾ. ಒಂದಕ್ಕೆ ಹೌದು ಎಂದರೂ ಕಫದ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಬೇಕು. ಸಿಡಿ4 ತೀರಾ ಕಡಿಮೆ ಇರುವವರಲ್ಲಿ ಕಫವೇ ಬಾರದಿರಬಹುದು, ಕ್ಷಯ ಶ್ವಾಸಕೋಶ ಬಿಟ್ಟು ಬೇರೆ ಕಡೆ ಇರಬಹುದು. ಅಂಥವರಿಗೆ ಮೂತ್ರದಲ್ಲಿ ಕ್ಷಯದ ಅಂಶ ತೋರಿಸುವ ಲ್ಯಾಮ್ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ.

ನಾಲ್ಕಕ್ಕೂ ಇಲ್ಲ ಎಂದರೆ, ಅಥವಾ ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಖಚಿತವಾದರೆ, ತಡೆಗಟ್ಟುವ ಔಷಧ ಕೊಡುತ್ತಾರೆ. ಐಸೋನಿಯಾಜಿಡ್ 300 ಮಿಲಿಗ್ರಾಂ ದಿನಕ್ಕೊಂದರಂತೆ ಆರು ತಿಂಗಳು ಕೊಡುವುದು ರೂಢಿ. ನರಗಳಿಗೆ ತೊಂದರೆಯಾಗದಂತೆ ಜೊತೆಗೆ ಪಿರಿಡಾಕ್ಸಿನ್ ಎಂಬ ವಿಟಮಿನ್ ಇರುತ್ತದೆ. ವಾರಕ್ಕೊಮ್ಮೆಯಂತೆ ಮೂರು ತಿಂಗಳು ತೆಗೆದುಕೊಳ್ಳುವ ಇನ್ನೊಂದು ವಿಧಾನವೂ ರಾಷ್ಟ್ರೀಯ ಸೂಚಿಯಲ್ಲಿದೆ. ಇದಕ್ಕೆ ಸಿಡಿ4 ಮಟ್ಟ ಎಂಬುದಿಲ್ಲ.

ಹುಡುಕದೆ ತಡೆಯ ಮಾತ್ರೆ ಕೊಟ್ಟರೆ ಏನಾಗುತ್ತದೆ? ಪೂರ್ಣ ಕ್ಷಯಕ್ಕೆ ನಾಲ್ಕು ಔಷಧ ಬೇಕು. ಅದು ಒಳಗಿರುವಾಗ ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ, ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತಾಗಬಹುದು. ನಾಲ್ಕು ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವುದು ಅದಕ್ಕೇ ಮುಖ್ಯ. ಸ್ವಲ್ಪ ಕೆಮ್ಮು ತಾನೇ ಎಂದು ಮುಚ್ಚಿಡಬಾರದು.

ಕ್ರಿಪ್ಟೋಕಾಕಸ್: ತಲೆನೋವಿಗೆ ಮೊದಲೇ ರಕ್ತದಲ್ಲಿ ಸುಳಿವು

ಈ ಶಿಲೀಂಧ್ರ ಮಿದುಳಿಗೆ ತಲುಪಿದ ಮೇಲೆ ಚಿಕಿತ್ಸೆ ಕಷ್ಟ, ಸಾವು ಹೆಚ್ಚು. ಆದರೆ ತಲೆನೋವು ಶುರುವಾಗುವ ಎಷ್ಟೋ ವಾರ ಮೊದಲೇ ಅದರ ಅಂಶ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಪಟ್ಟಿಯ ಮೇಲೆ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ ಈ ಪರೀಕ್ಷೆಗೆ ಕ್ರಿಪ್ಟೋಕಾಕಲ್ ಆ್ಯಂಟಿಜೆನ್ ಪರೀಕ್ಷೆ ಎನ್ನುತ್ತಾರೆ. ಸಿಡಿ4 100ಕ್ಕಿಂತ ಕಡಿಮೆ ಇರುವವರಿಗೆ ಎಆರ್‌ಟಿಗೆ ಮೊದಲು ಇದು ಆಗಲೇಬೇಕು. 200ರವರೆಗಿನವರಿಗೂ ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎಆರ್‌ಟಿಗೆ ಮೊದಲೇ ಯಾಕೆ? ಎಆರ್‌ಟಿ ಶುರುವಾದೊಡನೆ ಚೇತರಿಸಿಕೊಳ್ಳುವ ರೋಗನಿರೋಧಕ ಕಣಗಳು, ಅಡಗಿ ಕೂತ ಸೋಂಕಿನ ಮೇಲೆ ಒಮ್ಮೆಲೇ ಎರಗುತ್ತವೆ. ಅದರಿಂದ ಊತ, ಜ್ವರ ಬಂದು ಸ್ಥಿತಿ ಇದ್ದಕ್ಕಿದ್ದಂತೆ ಬಿಗಡಾಯಿಸುತ್ತದೆ. ಕ್ಷಯದಲ್ಲಿ ಇದು ಕತ್ತಿನ ಗಂಟಾಗಿ ಕಾಣಬಹುದು. ಮಿದುಳಿನಲ್ಲಾದರೆ ಜೀವಕ್ಕೇ ಅಪಾಯ. ಮಿದುಳಿನ ಕ್ರಿಪ್ಟೋಕಾಕಸ್ ಇದ್ದವರಿಗೆ ಎಆರ್‌ಟಿಯನ್ನು ನಾಲ್ಕರಿಂದ ಆರು ವಾರ ಬೇಕೆಂದೇ ಮುಂದೂಡುತ್ತಾರೆ. ವೈದ್ಯರು ತಡ ಮಾಡುತ್ತಿದ್ದಾರೆ ಎಂದು ಮನೆಯವರಿಗೆ ಅನ್ನಿಸಬಹುದು. ಆದರೆ ಆ ತಡವೂ ಚಿಕಿತ್ಸೆಯ ಒಂದು ಭಾಗ.

ಒಂದು ಉದಾಹರಣೆ

ಬಾಗಲೂರು ಕಡೆ ಗುಲಾಬಿ ತೋಟದಲ್ಲಿ ಕೆಲಸ ಮಾಡುವ 44ರ ಹೆಣ್ಣುಮಗಳೊಬ್ಬರನ್ನು ಕಲ್ಪಿಸಿಕೊಳ್ಳೋಣ. ಎಚ್‌ಐವಿ ಹೊಸದಾಗಿ ಪತ್ತೆಯಾಗಿದೆ. ಕೆಲಸಕ್ಕೆ ದಿನವೂ ಹೋಗುತ್ತಿದ್ದಾರೆ, ಜ್ವರವಿಲ್ಲ, ಕೆಮ್ಮಿಲ್ಲ. ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದಾರೆ, ಅಷ್ಟೆ. ಸಿಡಿ4 64.

ತೂಕ ಇಳಿದಿರುವುದರಿಂದ ಕ್ಷಯದ ಪ್ರಶ್ನೆಗೆ ಒಂದು ಹೌದು ಸಿಕ್ಕಿತು. ಕಫ, ಎಕ್ಸ್‌ರೇ, ಮೂತ್ರದ ಲ್ಯಾಮ್ ಮೂರೂ ಆದವು; ಕ್ಷಯ ಕಾಣಲಿಲ್ಲ. ಕ್ರಿಪ್ಟೋಕಾಕಲ್ ಪರೀಕ್ಷೆ ಮಾತ್ರ ಪಾಸಿಟಿವ್ ಬಂತು. ತಲೆನೋವು ಇಲ್ಲದಿದ್ದರೂ ಬೆನ್ನುಹುರಿಯ ನೀರು ತೆಗೆದು ನೋಡಬೇಕಾಗುತ್ತದೆ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತದೆ ಎಂಬ ಭಯದಿಂದ ಹಲವರು ಇಲ್ಲೇ ಹಿಂದೆ ಸರಿಯುತ್ತಾರೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಜಾಗದಿಂದ ಕೆಳಗೆ. ಹಾಗಾಗಿ ಆ ಭಯಕ್ಕೆ ಕಾರಣವಿಲ್ಲ. ನೀರಿನಲ್ಲಿ ಶಿಲೀಂಧ್ರ ಇರಲಿಲ್ಲ. ಅಂದರೆ ಅದು ಇನ್ನೂ ಮಿದುಳಿಗೆ ಹೋಗಿಲ್ಲ.

ಫ್ಲುಕೊನಜೋಲ್ ಮಾತ್ರೆ ದಿನಕ್ಕೆ 800 ಮಿಲಿಗ್ರಾಂನಂತೆ ಎರಡು ವಾರ, ಆಮೇಲೆ 400ರಂತೆ ಎಂಟು ವಾರ, ಆಮೇಲೆ 200ರಂತೆ ಮುಂದುವರಿಕೆ. ಕೋಟ್ರೈಮೊಕ್ಸಜೋಲ್ ಮೊದಲ ದಿನದಿಂದಲೇ ಆರಂಭ. ಎರಡು ವಾರ ಫ್ಲುಕೊನಜೋಲ್ ಆದ ಮೇಲೆ ಎಆರ್‌ಟಿ, ಅಂದರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಮಾತ್ರೆ. ಕ್ಷಯ ತಡೆಯುವ ಐಸೋನಿಯಾಜಿಡ್ ಮತ್ತು ಫ್ಲುಕೊನಜೋಲ್ ಎರಡೂ ಯಕೃತ್ತಿನ ಮೇಲೆ ಭಾರ ಹಾಕುವುದರಿಂದ, ಅದನ್ನು ಯಾವಾಗ ಸೇರಿಸಬೇಕೆಂದು ಯಕೃತ್ತಿನ ಪರೀಕ್ಷೆ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಆಕೆಯ ಸಿಡಿ4 ಆರನೇ ತಿಂಗಳಿಗೆ 148, ಹನ್ನೆರಡಕ್ಕೆ 236, ಹದಿನೆಂಟಕ್ಕೆ 372, ಇಪ್ಪತ್ತನಾಲ್ಕಕ್ಕೆ 401 ಎಂದಿಟ್ಟುಕೊಳ್ಳೋಣ. ವೈರಸ್ ಪ್ರಮಾಣವೂ ಅಡಗಿದೆ. ಫ್ಲುಕೊನಜೋಲ್ ನಿಲ್ಲಿಸಲು ಸಾಮಾನ್ಯವಾಗಿ ಒಂದು ವರ್ಷದ ಚಿಕಿತ್ಸೆ ಮುಗಿದಿರಬೇಕು, ಸಿಡಿ4 ಆರು ತಿಂಗಳು 200ರ ಮೇಲೆ ನಿಂತಿರಬೇಕು. ಆಕೆಯ ವಿಷಯದಲ್ಲಿ ಇವೆರಡೂ ಕೂಡಿಬರುವುದು ಹದಿನೆಂಟನೇ ತಿಂಗಳಿಗೆ. ಕೋಟ್ರೈಮೊಕ್ಸಜೋಲ್ ನಿಲ್ಲಿಸಲು ಕನಿಷ್ಠ ಆರು ತಿಂಗಳ ಅಂತರದ ಎರಡು ಪರೀಕ್ಷೆಗಳಲ್ಲಿ 350ರ ಮೇಲಿರಬೇಕು, ಸಂಖ್ಯೆ ಏರುಮುಖದಲ್ಲಿರಬೇಕು, ಮೂರನೇ ನಾಲ್ಕನೇ ಹಂತದ ಕಾಯಿಲೆ ಇರಬಾರದು. 372 ಬಂದ ದಿನವೇ ನಿಲ್ಲಿಸುವಂತಿಲ್ಲ. 401 ಬಂದ ಮೇಲೆ, ಇಪ್ಪತ್ತನಾಲ್ಕನೇ ತಿಂಗಳಿಗೆ, ನಿಲ್ಲಿಸಬಹುದು. ಎರಡು ಸಲ ನೋಡುವುದಕ್ಕೆ ಕಾರಣವಿದೆ. ಸಿಡಿ4 ಒಂದೇ ದಿನದಲ್ಲಿ ಬೆಳಿಗ್ಗೆ ಸಂಜೆಗೂ ಬದಲಾಗುತ್ತದೆ, ಸಣ್ಣ ಜ್ವರಕ್ಕೂ ಇಳಿಯುತ್ತದೆ. ಒಂದು ಸಂಖ್ಯೆಗಿಂತ ಅದು ಸಾಗುವ ದಿಕ್ಕು ಮುಖ್ಯ.

ಮಾತ್ರೆ ಬಿಟ್ಟವರು, ಊರು ಬದಲಿಸಿದವರು

ಈಗ ತೀರಾ ಕಡಿಮೆ ಸಿಡಿ4 ಇಟ್ಟುಕೊಂಡು ಬರುವವರೆಲ್ಲ ಹೊಸಬರಲ್ಲ. ಹಿಂದೆ ಎಆರ್‌ಟಿ ತೆಗೆದುಕೊಂಡು ನಡುವೆ ಬಿಟ್ಟವರೂ ಅವರಲ್ಲಿದ್ದಾರೆ. ಅಂಥವರು ಮರಳಿ ಬಂದಾಗ ಹಳೆಯ ಮಾತ್ರೆಯನ್ನೇ ಕೊಟ್ಟು ಕಳುಹಿಸಿದರೆ ಸಾಲದು. ಮತ್ತೆ ಸಿಡಿ4, ಕ್ಷಯ, ಕ್ರಿಪ್ಟೋಕಾಕಸ್ ಎಲ್ಲವನ್ನೂ ಹೊಸಬರಂತೆ ನೋಡಬೇಕು. ಎಷ್ಟು ದಿನ ಬಿಟ್ಟಿದ್ದಿರಿ ಎಂದು ಕೇಳಿದರೆ ನಿಜ ಹೇಳುವುದು ಇದಕ್ಕಾಗಿ.

ಗಡಿ ಭಾಗದಲ್ಲಿ ಮಾತ್ರೆ ತಪ್ಪುವುದಕ್ಕೆ ಊರು ಬದಲಾವಣೆಯೂ ಒಂದು ಕಾರಣ. ಒಂದು ರಾಜ್ಯದ ಎಆರ್‌ಟಿ ಕೇಂದ್ರದಿಂದ ಇನ್ನೊಂದು ರಾಜ್ಯದ ಕೇಂದ್ರಕ್ಕೆ ವರ್ಗಾವಣೆ ಪತ್ರ ಪಡೆದು ಹೋಗಬಹುದು. ಆ ಪತ್ರದ ಜೊತೆ ಹಳೆಯ ಸಿಡಿ4 ಸಂಖ್ಯೆಗಳು, ಕೋಟ್ರೈಮೊಕ್ಸಜೋಲ್ ಶುರುವಾದ ದಿನ, ಕ್ಷಯ ತಡೆಯ ಕೋರ್ಸ್ ಮುಗಿದಿದೆಯೇ, ಯಾವ ಔಷಧ ಒಗ್ಗಿಲ್ಲ ಎಂಬ ವಿವರ ಇರುವಂತೆ ನೋಡಿಕೊಳ್ಳಿ. ಕರ್ನಾಟಕದಲ್ಲಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಎನ್ನುವುದನ್ನು ತಮಿಳುನಾಡಿನಲ್ಲಿ ನಂಬಿಕ್ಕೈ ಮೈಯಮ್ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಆ ಫಲಕ ಹುಡುಕಿದರೆ ಸಾಕು. ರಾಷ್ಟ್ರೀಯ ಸಹಾಯವಾಣಿ 1097 ಉಚಿತ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ತಡೆಯುತ್ತದೆ.

ಕಾಯದೆ ಹೋಗಬೇಕಾದ ಲಕ್ಷಣಗಳು

ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬಾರದ ಕೆಲವು ಸ್ಥಿತಿಗಳಿವೆ. ಒಣ ಕೆಮ್ಮಿನ ಜೊತೆ ಹತ್ತು ಹೆಜ್ಜೆ ನಡೆದರೂ ಏದುಸಿರು ಬರುವುದು ನ್ಯುಮೋಸಿಸ್ಟಿಸ್ ಇರಬಹುದು. ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ ಕ್ರಿಪ್ಟೋಕಾಕಸ್ ಅಥವಾ ಮಿದುಳಿನ ಕ್ಷಯವಿರಬಹುದು. ಇವುಗಳಲ್ಲಿ ಕತ್ತು ಬಿಗಿಯುವುದು ಇರಲೇಬೇಕೆಂದಿಲ್ಲ. ಒಂದು ಕಡೆಯ ಕೈಕಾಲು ಸೋಲುವುದು, ಮೂರ್ಛೆ ಬರುವುದು ಟಾಕ್ಸೊಪ್ಲಾಸ್ಮಾದ ಸೂಚನೆ. ಕಣ್ಣ ಮುಂದೆ ಕಪ್ಪು ಚುಕ್ಕಿ ತೇಲುವುದು, ಮಿಂಚಿದಂತಾಗುವುದು, ದೃಷ್ಟಿಯ ಒಂದು ಭಾಗ ಮಸುಕಾಗುವುದು ಸೈಟೊಮೆಗಲೊ ವೈರಸ್ಸಿನ ಸೂಚನೆ. ಎಆರ್‌ಟಿ ಶುರುವಾದ ಮೊದಲ ಮೂರು ತಿಂಗಳಲ್ಲಿ ಹೊಸ ಜ್ವರ ಅಥವಾ ಗಂಟು ಕಂಡರೆ ಎಆರ್‌ಟಿಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ತೆಗೆದುಕೊಳ್ಳುತ್ತಲೇ ಕೇಂದ್ರಕ್ಕೆ ಹೋಗಿ.

ಒಂದೇ ನೋಟಕ್ಕೆ

- ಸಿಡಿ4 ಎಷ್ಟೇ ಇರಲಿ: ಎಆರ್‌ಟಿ; ಪ್ರತಿ ಭೇಟಿಯಲ್ಲಿ ಕ್ಷಯದ ನಾಲ್ಕು ಪ್ರಶ್ನೆ; ಕ್ಷಯ ಇಲ್ಲದಿದ್ದರೆ ಅದನ್ನು ತಡೆಯುವ ಔಷಧ.
- 350ಕ್ಕಿಂತ ಕಡಿಮೆ, ಅಥವಾ ಮೂರನೇ ನಾಲ್ಕನೇ ಹಂತ: ಕೋಟ್ರೈಮೊಕ್ಸಜೋಲ್ ದಿನಕ್ಕೊಂದು.
- 200ಕ್ಕಿಂತ ಕಡಿಮೆ: ಮುಂದುವರಿದ ಎಚ್‌ಐವಿ, ನ್ಯುಮೋಸಿಸ್ಟಿಸ್ ಅಪಾಯ, ಮೂತ್ರದ ಲ್ಯಾಮ್ ಪರೀಕ್ಷೆಯ ಬಗ್ಗೆ ಕೇಳಿ.
- 100ಕ್ಕಿಂತ ಕಡಿಮೆ: ಎಆರ್‌ಟಿಗೆ ಮೊದಲು ಕ್ರಿಪ್ಟೋಕಾಕಲ್ ಪರೀಕ್ಷೆ, ಟಾಕ್ಸೊಪ್ಲಾಸ್ಮಾ ಅಪಾಯ, ಅದಕ್ಕೂ ಕೋಟ್ರೈಮೊಕ್ಸಜೋಲ್ ಸಾಕು.
- 50ಕ್ಕಿಂತ ಕಡಿಮೆ: ಮೇಲಿನವೆಲ್ಲವೂ, ಜೊತೆಗೆ ಕಣ್ಣಿನ ಪರೀಕ್ಷೆ.

ಈ ಸಂಖ್ಯೆಗಳು ವಯಸ್ಕರಿಗೆ. ಸಣ್ಣ ಮಕ್ಕಳಲ್ಲಿ ಸಿಡಿ4 ಸಹಜವಾಗಿಯೇ ಹೆಚ್ಚಿರುವುದರಿಂದ ಅವರ ಲೆಕ್ಕ ಬೇರೆ. ಗರ್ಭಿಣಿಯರು ಫ್ಲುಕೊನಜೋಲ್‌ಗೆ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಎರಡೂ ಎಆರ್‌ಟಿ ಕೇಂದ್ರದ ವೈದ್ಯರ ತೀರ್ಮಾನ. ಮುಂದಿನ ಭೇಟಿಗೆ ಹೋಗುವಾಗ ಕೊನೆಯ ಸಿಡಿ4 ಸಂಖ್ಯೆ ಮತ್ತು ಅದರ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.